ಪ್ರವರ್ತಕರ ಅಡಮಾನ: ಬೆಲೆ ಎಷ್ಟು ಕುಸಿದರೆ ಷೇರು ಮುಗಿಯುತ್ತದೆ?

ಅಡಿಕೆ ಮಾರಿದ ದುಡ್ಡಿನಲ್ಲಿ ಒಂದಷ್ಟನ್ನು ಷೇರಿಗೆ ಹಾಕುವವರು ಈಗ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯೂ ಸಾಕಷ್ಟಿದ್ದಾರೆ. ಶಿವಮೊಗ್ಗದ ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಕಂಪನಿಯ ಲಾಭ, ಸಾಲ, ಅದನ್ನು ಕಟ್ಟಿ ಹಿಡಿತದಲ್ಲಿಟ್ಟುಕೊಂಡ ಪ್ರವರ್ತಕರ ಪಾಲು ಎಲ್ಲವನ್ನೂ ನೋಡಿಕೊಂಡೇ ಬಂದಿರುತ್ತಾರೆ. ಆ ಪಾಲಿನಲ್ಲಿ ಎಷ್ಟು ಅಡಮಾನದಲ್ಲಿದೆ ಎಂಬ ಅಂಕಣವನ್ನು ಮಾತ್ರ ದಾಟಿಬಿಡುತ್ತಾರೆ. ನೋಡಿದವರೂ "ಶೇ 40 ತಾನೇ, ಅರ್ಧಕ್ಕಿಂತ ಕಡಿಮೆ ಇದೆಯಲ್ಲ ಸರ್" ಎನ್ನುತ್ತಾರೆ. ಆ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂದು ತಿಳಿದವರು ಹಾಗೆ ಸಮಾಧಾನಪಡಲಾರರು.

ಪ್ರವರ್ತಕರು ತಮ್ಮ ಷೇರುಗಳನ್ನು ಬ್ಯಾಂಕಿಗೋ ಹಣಕಾಸು ಕಂಪನಿಗೋ ಒತ್ತೆಯಿಟ್ಟು ಸಾಲ ತರುತ್ತಾರೆ. ಷೇರು ಅವರ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಆದರೆ ಸಾಲದಾತರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಸಾಲದಾತರು ಸಾಮಾನ್ಯವಾಗಿ ಸಾಲದ ಎರಡು ಪಟ್ಟು ಬೆಲೆಯ ಷೇರು ಕೇಳುತ್ತಾರೆ. ಬೆಲೆ ಇಳಿದರೆ ಕೆಲವೇ ದಿನಗಳಲ್ಲಿ ನಗದು ಕಟ್ಟಬೇಕು, ಇಲ್ಲವೇ ಇನ್ನಷ್ಟು ಷೇರು ಇಡಬೇಕು. ಎರಡೂ ಆಗದಿದ್ದರೆ ಸಾಲದಾತರು ಷೇರನ್ನು ತಮ್ಮ ಖಾತೆಗೆ ಎಳೆದುಕೊಂಡು ಪೇಟೆಯಲ್ಲಿ ಮಾರುತ್ತಾರೆ.

ಅಡಿಕೆ ದಾಸ್ತಾನು ಅಡವಿಟ್ಟು ಮಂಡಿಯಲ್ಲಿ ಸಾಲ ಪಡೆಯುವುದು ನಮ್ಮವರಿಗೆ ಹೊಸತಲ್ಲ. ಆದರೆ ಒಬ್ಬ ಬೆಳೆಗಾರರ ಹತ್ತು ಕ್ವಿಂಟಲ್ ರಾಶಿ ಅಡಿಕೆ ಮಾರಿದರೆ ಶಿವಮೊಗ್ಗದ ಧಾರಣೆ ಅಲ್ಲಾಡುವುದಿಲ್ಲ. ಪ್ರವರ್ತಕರ ಷೇರು ಮಾರಿದರೆ ಅಲ್ಲಾಡುತ್ತದೆ. ಮಾರಾಟ ಬೆಲೆಯನ್ನು ಇಳಿಸುತ್ತದೆ, ಇಳಿದ ಬೆಲೆ ಉಳಿದ ಸಾಲಕ್ಕೂ ಹೆಚ್ಚುವರಿ ಷೇರು ಕೇಳುತ್ತದೆ. ಅಪಾಯವಿರುವುದು ಈ ಸುತ್ತಿನಲ್ಲಿ.

ಒಂದು ಕಾಲ್ಪನಿಕ ಕಂಪನಿಯ ಲೆಕ್ಕ ಹಾಕೋಣ. ಒಟ್ಟು 10 ಕೋಟಿ ಷೇರು, ಅದರಲ್ಲಿ ಪ್ರವರ್ತಕರದು 5 ಕೋಟಿ. ಬೆಲೆ 200 ರೂಪಾಯಿ. 2 ಕೋಟಿ ಷೇರು ಅಡವಿಟ್ಟು 200 ಕೋಟಿ ಸಾಲ ತಂದಿದ್ದಾರೆ. ಅಡವಿಟ್ಟ ಷೇರಿನ ಬೆಲೆ 400 ಕೋಟಿ, ಅಂದರೆ ಸಾಲದ ಎರಡು ಪಟ್ಟು. ಅಡಮಾನ ಪ್ರವರ್ತಕರ ಪಾಲಿನ ಶೇ 40. ಈಗ ಷೇರು 160ಕ್ಕೆ ಇಳಿಯಿತು ಎನ್ನಿ. 400 ಕೋಟಿ ಸರಿದೂಗಿಸಲು ಎರಡೂವರೆ ಕೋಟಿ ಷೇರು ಬೇಕು. ಒಂದು ರೂಪಾಯಿ ಹೊಸ ಸಾಲ ತರದೆಯೇ ಅಡಮಾನ ಶೇ 50 ಆಯಿತು. ಬೆಲೆ 100ಕ್ಕೆ ಬಂದಾಗ 4 ಕೋಟಿ ಷೇರು ಹೋಗುತ್ತದೆ, ಶೇ 80. 80 ರೂಪಾಯಿ ಮುಟ್ಟಿದಾಗ ಐದೂ ಕೋಟಿ ಅಡಮಾನದಲ್ಲಿರುತ್ತದೆ. ಅಲ್ಲಿಂದ ಮುಂದೆ ಇಡಲು ಷೇರಿಲ್ಲ. ನಗದೂ ಇಲ್ಲದಿದ್ದರೆ ಮಾರಾಟವೇ ಗತಿ.

200ರಿಂದ 80ಕ್ಕೆ ಎಂದರೆ ಶೇ 60 ಕುಸಿತ. ನೂರರಲ್ಲಿ ಅಡಮಾನದ 40 ಕಳೆದರೆ ಬರುವುದೂ 60. ಇದು ಕಾಕತಾಳೀಯವಲ್ಲ. ಸಾಲದಾತರು ಅದೇ ಎರಡು ಪಟ್ಟಿಗೆ ಪಟ್ಟು ಹಿಡಿದರೆ, ಪ್ರವರ್ತಕರು ನಗದು ತರದೆ ಷೇರನ್ನೇ ಸೇರಿಸುತ್ತ ಹೋದರೆ, ನೂರರಿಂದ ಅಡಮಾನದ ಶೇಕಡಾವಾರು ಕಳೆದು ಉಳಿದಷ್ಟೇ ಬೆಲೆ ಕುಸಿಯಲು ಜಾಗವಿರುತ್ತದೆ. ಶೇ 40ಕ್ಕೆ 60ರ ಜಾಗವಿದ್ದರೆ, ಶೇ 80ಕ್ಕೆ ಬರೀ 20. ಸಣ್ಣ ಕಂಪನಿಯ ಷೇರು ಒಂದು ಕೆಟ್ಟ ತ್ರೈಮಾಸಿಕ ಫಲಿತಾಂಶಕ್ಕೇ ಅಷ್ಟು ಬೀಳಬಹುದು.

ನಮ್ಮ ಮಲೆನಾಡಿಗೆ ಹತ್ತಿರದ ಕಾಫಿ ಡೇ ಎಂಟರ್‌ಪ್ರೈಸಸ್‌ನ ಅಂಕಿಗಳನ್ನು ಈ ಲೆಕ್ಕದ ಪಕ್ಕ ಇಟ್ಟು ನೋಡಬೇಕು. 2019ರ ಜೂನ್ ಕೊನೆಗೆ ಪ್ರವರ್ತಕರ ಪಾಲು ಸುಮಾರು ಶೇ 54, ಅದರಲ್ಲಿ ಮುಕ್ಕಾಲು ಭಾಗ ಅಡಮಾನದಲ್ಲಿತ್ತು. ಲೆಕ್ಕದ ಪ್ರಕಾರ ಕುಸಿತಕ್ಕಿದ್ದ ಜಾಗ ಸುಮಾರು ಶೇ 25. ಸಂಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರು ಕಾಣೆಯಾದ ಸುದ್ದಿ ಬಂದ ಜುಲೈ 30ರಂದು ಷೇರು ಶೇ 20ರ ಕೆಳ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಇಳಿಯಬಹುದಾದ ಗರಿಷ್ಠ ಮಿತಿ ಮುಟ್ಟಿತು, ಮರುದಿನ ಮತ್ತೆ ಶೇ 20. ಎರಡು ದಿನ ಸೇರಿ ಶೇ 36. ಬೆಲೆ ಬಿದ್ದದ್ದು ಅಡಮಾನದಿಂದಲ್ಲ, ಆ ಸುದ್ದಿಯಿಂದ. ಆದರೆ ಅಂಥ ಪೆಟ್ಟು ತಡೆಯುವ ಜಾಗ ಮೊದಲೇ ಕರಗಿತ್ತು. ಮುಂದಿನ ತಿಂಗಳುಗಳಲ್ಲಿ ಸಾಲದಾತರು ಅಡಮಾನದ ಷೇರು ವಶಪಡಿಸಿಕೊಂಡಂತೆ ಪ್ರವರ್ತಕರ ಪಾಲೂ ಇಳಿಯಿತು. ಕೆಳ ಸರ್ಕ್ಯೂಟಿನ ದಿನ ಮಾರುವವರೇ ಇರುತ್ತಾರೆ, ಕೊಳ್ಳುವವರು ಇರುವುದಿಲ್ಲ. ಹಾಗಾಗಿ ಹೊರಗಿನ ಹೂಡಿಕೆದಾರರು ಈ ಲೆಕ್ಕವನ್ನು ಮೊದಲೇ ಹಾಕಿಕೊಂಡಿರಬೇಕು.

ಅಡಮಾನ ಏರಿದ್ದು ಕಂಡಾಗ ಮೊದಲು ಕೇಳಬೇಕಾದದ್ದು: ಹೊಸ ಸಾಲವೋ, ಬೆಲೆ ಇಳಿದದ್ದಕ್ಕೆ ಸೇರಿಸಿದ ಷೇರೋ? ಎರಡು ತ್ರೈಮಾಸಿಕಗಳ ಅಡಮಾನದ ಷೇರಿನ ಸಂಖ್ಯೆಯನ್ನು ಆಯಾ ತ್ರೈಮಾಸಿಕದ ಕೊನೆಯ ಬೆಲೆಯಿಂದ ಗುಣಿಸಿ. ಮೇಲಿನ ಉದಾಹರಣೆಯಲ್ಲಿ 2 ಕೋಟಿಯನ್ನು 200ರಿಂದ, ಎರಡೂವರೆ ಕೋಟಿಯನ್ನು 160ರಿಂದ ಗುಣಿಸಿದರೆ ಎರಡೂ ಕಡೆ 400 ಕೋಟಿ. ಸಾಲ ಬೆಳೆದಿಲ್ಲ, ಬೆಲೆಯ ಹೊಡೆತವನ್ನು ಷೇರಿನಿಂದ ತುಂಬಿದ್ದಾರೆ ಎಂದು ಅಂದಾಜಿಸಬಹುದು. ನಗದು ಕಟ್ಟದೆ ಷೇರು ಕೊಟ್ಟಿದ್ದಾರೆ ಎಂಬುದೂ ಇದರಿಂದ ಹೊಳೆಯುತ್ತದೆ, ನನಗೆ ಹೆಚ್ಚು ಆತಂಕ ತರುವುದು ಅದೇ. ಗುಣಲಬ್ಧ 400ರಿಂದ 600 ಕೋಟಿಗೆ ಏರಿದ್ದರೆ ಹೊಸ ಸಾಲ ಬಂದಿರುವ ಸಾಧ್ಯತೆ ಹೆಚ್ಚು. ಆಗ ಆ ಹಣ ಎಲ್ಲಿಗೆ ಹೋಯಿತೆಂದು ಹುಡುಕಬೇಕು.

ಹುಡುಕಲು ದಾರಿಯಿದೆ. ಸತ್ಯಂ ಹಗರಣದ ಬಳಿಕ 2009ರಲ್ಲಿ ಸೆಬಿ ಪ್ರವರ್ತಕರ ಅಡಮಾನ ಬಹಿರಂಗಪಡಿಸುವುದನ್ನು ಕಡ್ಡಾಯ ಮಾಡಿತು. 2019ರ ಅಕ್ಟೋಬರ್‌ನಿಂದ ಇನ್ನೊಂದು ನಿಯಮ ಬಂತು: ಅಡಮಾನವೂ ಸೇರಿದಂತೆ ಷೇರಿನ ಮೇಲಿನ ಋಣಭಾರ ಪ್ರವರ್ತಕರ ಪಾಲಿನ ಶೇ 50 ಅಥವಾ ಒಟ್ಟು ಬಂಡವಾಳದ ಶೇ 20 ಮುಟ್ಟಿದರೆ, ಕಾರಣವನ್ನು ವಿವರವಾಗಿ ತಿಳಿಸಬೇಕು. ಸಾಲದಾತರು ಯಾರು, ಷೇರಿನ ಬೆಲೆ ಸಾಲದ ಎಷ್ಟು ಪಟ್ಟು, ಹಣ ಪ್ರವರ್ತಕರ ಸ್ವಂತ ಬಳಕೆಗೋ ಕಂಪನಿಯ ಉಪಯೋಗಕ್ಕೋ ಎಂಬುದೆಲ್ಲ ಆ ನಮೂನೆಯಲ್ಲಿರುತ್ತದೆ. ಕಂಪನಿಯ ಹೊಸ ಘಟಕದ ಸಾಲಕ್ಕೆ ಬ್ಯಾಂಕ್ ಹೆಚ್ಚುವರಿ ಭದ್ರತೆ ಕೇಳಿದ್ದರೆ, ಕಂಪನಿ ಬಡ್ಡಿಯನ್ನು ಆರಾಮವಾಗಿ ಕಟ್ಟುತ್ತಿದ್ದರೆ, ಅಂಥ ಅಡಮಾನವನ್ನು ಕಂಡು ಓಡಬೇಕಾಗಿಲ್ಲ. ಹಣ ಪ್ರವರ್ತಕರ ಬೇರೆ ಖಾಸಗಿ ವ್ಯವಹಾರಕ್ಕೆ ಹೋಗಿದ್ದರೆ ಮರುಪಾವತಿ ಎಲ್ಲಿಂದ ಎಂಬುದು ನಿಮಗೆ ಕಾಣುವುದಿಲ್ಲ. ನೀವು ಓದುವ ಬ್ಯಾಲೆನ್ಸ್ ಶೀಟಿನಲ್ಲಿ ಆ ಸಾಲವೇ ಇರುವುದಿಲ್ಲ.

ಅಡಮಾನ ಇಳಿದದ್ದನ್ನೂ ಹಾಗೆಯೇ ಪರೀಕ್ಷಿಸಿ. ಪ್ರವರ್ತಕರ 5 ಕೋಟಿ ಷೇರಿನಲ್ಲಿ ಮೂರೂವರೆ ಕೋಟಿ ಅಡಮಾನದಲ್ಲಿದ್ದರೆ ಶೇ 70. ಅದರಲ್ಲಿ ಒಂದೂವರೆ ಕೋಟಿಯನ್ನು ಸಾಲದಾತರು ವಶಪಡಿಸಿಕೊಂಡರೆ ಉಳಿಯುವುದು ಮೂರೂವರೆ ಕೋಟಿ, ಅಡಮಾನದಲ್ಲಿ 2 ಕೋಟಿ, ಅಂದರೆ ಶೇ 57. ಕಾಗದದ ಮೇಲೆ ಸುಧಾರಣೆಯಂತೆ ಕಾಣುತ್ತದೆ. ಪಕ್ಕದ ಅಂಕಣದಲ್ಲಿ ಪ್ರವರ್ತಕರ ಪಾಲು ಶೇ 50ರಿಂದ 35ಕ್ಕೆ ಇಳಿದಿರುತ್ತದೆ. ಸಾಲ ತೀರಿಸಿ ಷೇರು ಬಿಡಿಸಿಕೊಂಡಿದ್ದರೆ ಪ್ರವರ್ತಕರ ಪಾಲು ಕದಲಬಾರದು.

ಈ ಅಂಕಿಗಳು ಷೇರುಪೇಟೆ ಜಾಲತಾಣದಲ್ಲಿ ಕಂಪನಿಯ Shareholding Pattern ಪುಟದಲ್ಲಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಬರುತ್ತವೆ. ಓದುವಾಗ ಶೇಕಡಾವಾರು ಪ್ರವರ್ತಕರ ಪಾಲಿನದೋ ಕಂಪನಿಯ ಒಟ್ಟು ಷೇರಿನದೋ ಎಂದು ಖಚಿತಪಡಿಸಿಕೊಳ್ಳಿ. ಮೇಲಿನ ಕಾಲ್ಪನಿಕ ಕಂಪನಿಯ ಅದೇ 2 ಕೋಟಿ ಷೇರು ಮೊದಲನೆಯದರಲ್ಲಿ ಶೇ 40, ಎರಡನೆಯದರಲ್ಲಿ ಶೇ 20. ಷೇರು ಮಾರುವುದಿಲ್ಲವೆಂದು ಸಾಲದಾತರಿಗೆ ಬರೆದುಕೊಟ್ಟ ಮುಚ್ಚಳಿಕೆಯೂ ಋಣಭಾರವೇ. 2025ರಿಂದ ಅದಕ್ಕೆ ಪಟ್ಟಿಯಲ್ಲಿ ಪ್ರತ್ಯೇಕ ಅಂಕಣವಿದೆ. ಅಡಮಾನದ ಅಂಕಣದಲ್ಲಿ ಸೊನ್ನೆ ಇದ್ದರೂ ಅದರತ್ತ ಒಮ್ಮೆ ಕಣ್ಣು ಹಾಯಿಸಿ.