ಒಂದು ಕಿಲೋ ಬೇಳೆ, ನೂರು ರೂಪಾಯಿ ಬೇಳೆ

ಕಲಬುರಗಿಯ ಕಿರಾಣಿ ಅಂಗಡಿಯಲ್ಲಿ ಒಬ್ಬರು "ಒಂದ್ ಕಿಲೋ ತೊಗರಿ ಬ್ಯಾಳಿ ಕೊಡ್ರಿ" ಅಂತಾರೆ. ಇನ್ನೊಬ್ಬರು ನೋಟು ಮುಂದಿಟ್ಟು "ನೂರು ರೂಪಾಯಿದು ಹಾಕ್ರಿ" ಅಂತಾರೆ. ಕಿಲೋಗೆ 100 ರೂಪಾಯಿ ದರ ಇದೆ ಅಂತ ಇಟ್ಟುಕೊಳ್ಳಿ. ಇಬ್ಬರಿಗೂ ಸಿಗೋದು ಒಂದೇ ತೂಕ. ಅವತ್ತು ನೋಡಿದರೆ ಇಬ್ಬರ ಬೇಡಿಕೆಗೂ ವ್ಯತ್ಯಾಸವೇ ಕಾಣುವುದಿಲ್ಲ. ಅದು ಕಾಣಬೇಕಾದರೆ ದರ ಬದಲಾಗಬೇಕು.

ದರ 125ಕ್ಕೆ ಏರಿತು. ಮೊದಲನೆಯವರು ಈಗಲೂ ಒಂದು ಕಿಲೋ ಒಯ್ಯುತ್ತಾರೆ, 125 ರೂಪಾಯಿ ಕೊಡುತ್ತಾರೆ. ತೂಕ ಶೇಕಡಾ ಎಷ್ಟು ಬದಲಾಯಿತು ಅನ್ನುವುದನ್ನು ದರ ಶೇಕಡಾ ಎಷ್ಟು ಬದಲಾಯಿತು ಅನ್ನುವುದರಿಂದ ಭಾಗಿಸಿದರೆ ಬರುವುದೇ ಸ್ಥಿತಿಸ್ಥಾಪಕತ್ವ. ಇಲ್ಲಿ ತೂಕ ಅಲ್ಲಾಡಲಿಲ್ಲ, ಹಾಗಾಗಿ ಅದು ಸೊನ್ನೆ. ಇದು ಪೂರ್ಣ ಅಸ್ಥಿತಿಸ್ಥಾಪಕ ಬೇಡಿಕೆ. ಎರಡನೆಯವರು ಅದೇ ನೂರು ರೂಪಾಯಿ ಕೊಟ್ಟು 800 ಗ್ರಾಂ ಒಯ್ಯುತ್ತಾರೆ. ದರ ಏನೇ ಆದರೂ ಅವರ ಖರ್ಚು ಬದಲಾಗುವುದಿಲ್ಲ. ಇದು ಏಕಮಾನ ಸ್ಥಿತಿಸ್ಥಾಪಕ ಬೇಡಿಕೆ, ಸ್ಥಿತಿಸ್ಥಾಪಕತ್ವ ಒಂದು.

ಎಷ್ಟೋ ವಿದ್ಯಾರ್ಥಿಗಳು ಇವೆರಡನ್ನು ಅದಲು ಬದಲು ಮಾಡುತ್ತಾರೆ. "ಇಬ್ಬರದೂ ಏನೋ ಒಂದು ಬದಲಾಗಲಿಲ್ಲ, ಅಲ್ವಾ?" ಅನ್ನುವುದೇ ಗೊಂದಲ. ಒಬ್ಬರಲ್ಲಿ ಬದಲಾಗದ್ದು ತೂಕ, ಇನ್ನೊಬ್ಬರಲ್ಲಿ ದುಡ್ಡು. ತೂಕ ಅಡ್ಡಕ್ಕೆ, ದರ ಉದ್ದಕ್ಕೆ ಇಟ್ಟ ಗ್ರಾಫ್‌ನಲ್ಲಿ ಮೊದಲನೆಯದು ನೆಟ್ಟಗೆ ನಿಂತ ಗೆರೆ, ಎರಡನೆಯದು ಬಾಗಿದ ಗೆರೆ. ಏಕಮಾನ ಅಂದಕೂಡಲೇ ಸುಮ್ನೆ 45 ಡಿಗ್ರಿಯ ನೇರ ಗೆರೆ ಎಳೆದರೆ ತಪ್ಪು. ಕೆಳಮುಖದ ನೇರ ಗೆರೆಯ ಮೇಲೆ ಸ್ಥಿತಿಸ್ಥಾಪಕತ್ವ ಪ್ರತಿ ಬಿಂದುವಿನಲ್ಲೂ ಬೇರೆ ಬೇರೆ.

ಲೆಕ್ಕದಲ್ಲೂ ಒಂದು ಗುಂಡಿ ಇದೆ. ದರ 25% ಏರಿತು, ತೂಕ 20% ಇಳಿಯಿತು. ಭಾಗಿಸಿದರೆ 0.8 ಬರುತ್ತದೆ, ಒಂದಲ್ಲ! ಹಳೆಯ ದರ, ಹಳೆಯ ತೂಕವನ್ನೇ ಆಧಾರ ಮಾಡಿಕೊಂಡರೆ ಹೀಗಾಗುತ್ತದೆ. ದರ ಇಳಿಯುವ ದಿಕ್ಕಿನಲ್ಲಿ, ಅಂದರೆ 125ರಿಂದ 100ಕ್ಕೆ, ಇದೇ ಲೆಕ್ಕ 1.25 ಕೊಡುತ್ತದೆ. ಹಾಗಾಗಿ ಹಳೆಯದು, ಹೊಸದು ಎರಡರ ಸರಾಸರಿಯನ್ನು ಆಧಾರ ಮಾಡಿಕೊಳ್ಳಬೇಕು. ದರದ ಸರಾಸರಿ 112.5, ಏರಿದ್ದು 25, ಅಂದರೆ 22.2%. ತೂಕದ ಸರಾಸರಿ 0.9 ಕಿಲೋ, ಇಳಿದದ್ದು 0.2, ಅದೂ 22.2%. ಈಗ ಸರಿಯಾಗಿ ಒಂದು ಬಂತು.

ಖಾನಾವಳಿಯವರ ಲೆಕ್ಕ ಬೇರೆ. 10 ಕಿಲೋ ಒಯ್ಯುತ್ತಿದ್ದವರು ದರ ಏರಿದ ಮೇಲೆ ಮಸೂರ ಬೆರೆಸಿ, ತೊಗರಿ 6 ಕಿಲೋಗೆ ಇಳಿಸಿದರು ಅನ್ನಿ. ಖರ್ಚು 1000ದಿಂದ 750ಕ್ಕೆ ಬಿತ್ತು. ದರ ಏರಿದಾಗ ಖರ್ಚು ಇಳಿದರೆ ಸ್ಥಿತಿಸ್ಥಾಪಕತ್ವ ಒಂದಕ್ಕಿಂತ ಜಾಸ್ತಿ, ಇಲ್ಲಿ ಅದೇ ಸರಾಸರಿ ಲೆಕ್ಕದಲ್ಲಿ 2.25. ಖರ್ಚು ಏರಿಯೂ ತೂಕ ಸ್ವಲ್ಪ ಇಳಿದರೆ ಸೊನ್ನೆಗೂ ಒಂದಕ್ಕೂ ನಡುವೆ.

ಈ ಪರೀಕ್ಷೆಗೆ ಒಂದು ಷರತ್ತಿದೆ. ದರ ಬಿಟ್ಟು ಬೇರೇನೂ ಬದಲಾಗಿರಬಾರದು. ಅದೇ ವಾರ ಮನೆಯಲ್ಲಿ ಮದುವೆ ಇದ್ದರೆ ದರ ಏರಿದರೂ ಬೇಳೆ ಜಾಸ್ತಿ ಹೋಗುತ್ತದೆ. ಅದು ಬೇಡಿಕೆಯೇ ಸರಿದದ್ದು, ಸ್ಥಿತಿಸ್ಥಾಪಕತ್ವ ಅಲ್ಲ. ಇನ್ನು ಆ ಸೊನ್ನೆಯೂ ಎಲ್ಲ ದರಕ್ಕೂ ನಿಲ್ಲುವಂಥದ್ದಲ್ಲ. ಕಿಲೋಗೆ 400 ಆದರೆ ಮೊದಲನೆಯವರೂ ಅರ್ಧ ಕಿಲೋ ಸಾಕು ಅಂದಾರು.