916 ಎಲ್ಲಾ ಕಡೆ ಒಂದೇ, ವಾಪಸ್ ಕೊಡುವಾಗ ಬೆಲೆ ಯಾಕೆ ಬೇರೆ?

ಬ್ಯಾಂಕಲ್ಲಿ ಗೋಲ್ಡ್ ಲೋನ್‌ಗೆ ಬರೋ ಒಡವೆ ಪರೀಕ್ಷೆ ಮಾಡೋದು ನನ್ನ ಕೆಲಸ. ಮದುವೆ ಸೀಸನ್ ಬಂದ್ರೆ ಪರಿಚಯದವರೆಲ್ಲ ಕೇಳೋದು ಒಂದೇ ಪ್ರಶ್ನೆ, "ಯಾವ ಅಂಗಡಿ ಚಿನ್ನ ಚೆನ್ನಾಗಿರತ್ತೆ?" ಹಾಲ್‌ಮಾರ್ಕ್ ಅಸಲಿ ಆಗಿದ್ರೆ ಎಲ್ಲಾ ಅಂಗಡಿಯ 916 ಚಿನ್ನನೂ ಒಂದೇ ಕಣ್ರೀ, 1000 ಭಾಗದಲ್ಲಿ 916 ಭಾಗ ಅಪ್ಪಟ ಚಿನ್ನ, ಉಳಿದಿದ್ದು ತಾಮ್ರ, ಬೆಳ್ಳಿ ಥರದ್ದು. ಅಂಗಡಿಯಿಂದ ಅಂಗಡಿಗೆ ಬದಲಾಗೋದು ಮೇಕಿಂಗ್ ಎಷ್ಟು ಹಾಕ್ತಾರೆ, ಮುಂದೆ ನೀವು ವಾಪಸ್ ತಗೊಂಡು ಹೋದಾಗ ಎಷ್ಟು ಕಟ್ ಮಾಡ್ತಾರೆ ಅನ್ನೋದು. ಮೊದಲನೇದಕ್ಕೆ ಎಲ್ರೂ ಚೌಕಾಸಿ ಮಾಡ್ತಾರೆ, ಎರಡನೇದನ್ನ ಕೇಳೋರೇ ಕಮ್ಮಿ, ದುಡ್ಡು ಹೋಗೋದು ಅಲ್ಲೇ.

ಮೊದಲು ಮುದ್ರೆ ವಿಷಯ ಮುಗಿಸಿಬಿಡೋಣ. 2021ರ ಜುಲೈಯಿಂದ ಹಾಲ್‌ಮಾರ್ಕ್ ಅಂದ್ರೆ ಮೂರು ಗುರುತು: ಕೇಂದ್ರ ಸರ್ಕಾರದ ಗುಣಮಟ್ಟ ಸಂಸ್ಥೆ ಬಿಐಎಸ್‌ನ ತ್ರಿಕೋನದ ಲೋಗೋ, 22K916 ಅಥವಾ 18K750 ಅಂತ ಶುದ್ಧತೆ, ಆಮೇಲೆ ಅಕ್ಷರ ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. ಈ ನಂಬರ್ ಪ್ರತಿ ಒಡವೆಗೂ ಬೇರೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯ ಇರೋ ಜಿಲ್ಲೆಗಳಲ್ಲಿ ಎಚ್‌ಯುಐಡಿ ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರೋ ಹಾಗಿಲ್ಲ. ಎರಡು ಗ್ರಾಂಗಿಂತ ಕಮ್ಮಿ ತೂಕದ ಮೂಗುಬೊಟ್ಟಿನಂಥವಕ್ಕೆ, ಕುಂದನ್, ಪೋಲ್ಕಿ ಕೆಲಸದವಕ್ಕೆ ವಿನಾಯಿತಿ ಇದೆ, ಅದಕ್ಕೇ ಅಂಥವನ್ನ ತಗೊಳ್ಳೋವಾಗ ಅಂಗಡಿಯವರ ಮಾತು ಬಿಟ್ರೆ ಬೇರೆ ಆಧಾರ ಇರಲ್ಲ. ನಿಮ್ಮ ಮನೇಲಿರೋ ಹಳೇ ನಾಲ್ಕು ಗುರುತಿನ ಹಾಲ್‌ಮಾರ್ಕ್ ಒಡವೆ ಹಾಗೇ ಮಾನ್ಯ, ಅದರ ಬಗ್ಗೆ ಗಾಬರಿ ಬೇಡ.

ಸರದಲ್ಲಿ ಈ ಗುರುತು ಸಾಮಾನ್ಯವಾಗಿ ಕೊಂಡಿ ಹತ್ರ ಇರೋ ಪುಟ್ಟ ಚಪ್ಪಟೆ ತಗಡಿನ ಮೇಲೆ, ಬಳೆಯಲ್ಲಿ ಒಳಮೈಯಲ್ಲಿ ಇರತ್ತೆ. ಬರಿಗಣ್ಣಿಗೆ ಬರೀ ಗೀಚಿದಂಗೆ ಕಾಣತ್ತೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಅಂಗಡೀಲಿ ಇರಲೇಬೇಕು ಅಂತ ನಿಯಮ ಇದೆ, ಕೇಳಿ ಇಸ್ಕೊಳ್ಳಿ. ಓದೋವಾಗ 8 ಮತ್ತು B, 5 ಮತ್ತು S ಅದಲು ಬದಲಾಗತ್ತೆ, ಆದ್ದರಿಂದ ಒಂದು ಸಲ "ಸಿಗಲಿಲ್ಲ" ಅಂತ ಬಂದ್ರೆ ಇನ್ನೊಂದು ಸಲ ಓದಿ ಹಾಕಿ. BIS Care ಆ್ಯಪ್‌ನಲ್ಲಿ Verify HUID ಒತ್ತಿ ನಂಬರ್ ಹಾಕಿದ್ರೆ ಯಾವ ಅಂಗಡಿಯವರು ಹಾಲ್‌ಮಾರ್ಕ್ ಮಾಡ್ಸಿದ್ದು, ಯಾವ ಸೆಂಟರಲ್ಲಿ, ಶುದ್ಧತೆ ಎಷ್ಟು, ಒಡವೆ ಯಾವುದು ಅಂತೆಲ್ಲ ಬರತ್ತೆ. ಹೆಚ್ಚಿನವರು 22K916 ಅಂತ ಕಂಡ ತಕ್ಷಣ ಫೋನ್ ಜೇಬಿಗೆ ಹಾಕ್ಕೋತಾರೆ. ಹಾಗೆ ಮಾಡ್ಬೇಡಿ, ಒಡವೆ ಯಾವುದು ಅನ್ನೋ ಸಾಲು ಓದಿ. ನನ್ನ ಟೇಬಲ್ಲಿಗೆ ಬಂದ ಒಂದು ಸರದ ನಂಬರ್ ಹಾಕಿದ್ರೆ ಉಂಗುರ ಅಂತ ಬಂತು, ಅಂದ್ರೆ ಎಲ್ಲೋ ಇರೋ ಉಂಗುರದ ನಂಬರನ್ನ ಇದರ ಮೇಲೆ ಕೊರೆದಿದ್ರು. ನಂಬರ್ ಅಸಲಿ, ಒಡವೆ ಅದರದ್ದಲ್ಲ.

ಅನುಮಾನ ಬಂದ್ರೆ ಬಿಐಎಸ್ ಮಾನ್ಯತೆ ಇರೋ ಹಾಲ್‌ಮಾರ್ಕಿಂಗ್ ಸೆಂಟರಿಗೆ ನೀವೇ ತಗೊಂಡು ಹೋಗಬಹುದು, ಶುಲ್ಕ ಜಾಸ್ತಿ ಏನಿಲ್ಲ. ಅಂಗಡಿ ಕೌಂಟರಲ್ಲಿ ಪುಕ್ಕಟೆ ತೋರಿಸೋ ಕ್ಯಾರೆಟ್ ಮೀಟರ್ ಮೇಲಿನ ಪದರ ಮಾತ್ರ ನೋಡತ್ತೆ, ದಪ್ಪ ಲೇಪನ ಇದ್ರೆ ಅದು ಮೋಸ ಹೋಗತ್ತೆ. ಚೂರು ಕತ್ತರಿಸಿ ಕುಲುಮೇಲಿ ಕಾಯಿಸಿ ನೋಡೋ ಪರೀಕ್ಷೆನೇ ಕೊನೇ ಮಾತು. ಹಾಲ್‌ಮಾರ್ಕ್ ಹೇಳಿದ್ದಕ್ಕಿಂತ ಶುದ್ಧತೆ ಕಮ್ಮಿ ಬಂದ್ರೆ, ಮಾರಿದ ತೂಕಕ್ಕೆ ಎಷ್ಟು ಕೊರತೆಯೋ ಅದರ ಎರಡರಷ್ಟು ದುಡ್ಡು, ಜೊತೆಗೆ ಪರೀಕ್ಷೆ ಖರ್ಚು ಕೊಡಬೇಕು ಅಂತ ಬಿಐಎಸ್ ನಿಯಮದಲ್ಲೇ ಇದೆ. ಬಿಲ್ ಇದ್ರೆ ಮಾತ್ರ ಇದು ನಡಿಯೋದು.

ಈಗ ಲೆಕ್ಕಕ್ಕೆ ಬರೋಣ. ಸುಲಭ ಆಗ್ಲಿ ಅಂತ 22 ಕ್ಯಾರೆಟ್ ರೇಟ್ ಗ್ರಾಂಗೆ 10,000 ಅಂತಿಟ್ಕೊಳ್ಳಿ, ಒಡವೆ 20 ಗ್ರಾಮಿನ ಸರ, ಚಿನ್ನದ ಬೆಲೆ ಎರಡು ಲಕ್ಷ. ಮೊದಲನೇ ಅಂಗಡಿಯವರು ಮೇಕಿಂಗ್ 8% ಅಂತಾರೆ, ಅಂದ್ರೆ 16,000, ಒಟ್ಟು ಮೇಲೆ 3% ಜಿಎಸ್‌ಟಿ ಸೇರಿ ಬಿಲ್ 2,22,480. ಎರಡನೇ ಅಂಗಡಿಯವರು 12% ಅಂತಾರೆ, ಬಿಲ್ 2,30,720. ಹಾಲ್‌ಮಾರ್ಕ್ ಶುಲ್ಕ ಒಂದು ಒಡವೆಗೆ 45 ರೂಪಾಯಿ ಪ್ಲಸ್ ಜಿಎಸ್‌ಟಿ ಅಷ್ಟೇ, ಅದನ್ನ ಬಿಟ್ಟುಬಿಡೋಣ. 8,240 ಉಳೀತು ಅಂತ ಎಲ್ರೂ ಮೊದಲನೇ ಅಂಗಡಿಗೇ ಹೋಗ್ತಾರೆ.

ಆದ್ರೆ ನಾಲ್ಕು ವರ್ಷ ಆದ್ಮೇಲೆ ಮಗಳಿಗೆ ಬೇರೆ ಡಿಸೈನ್ ಬೇಕು ಅಂತ ವಾಪಸ್ ತಗೊಂಡು ಹೋಗ್ತೀರ, ರೇಟ್ ಅಷ್ಟೇ ಇದೆ ಅಂತಿಟ್ಕೊಳ್ಳಿ. ಮೊದಲನೇ ಅಂಗಡಿಯವರು ಕರಗಿಸಿದ್ರೆ ವೇಸ್ಟೇಜ್ ಹೋಗತ್ತೆ ಅಂತ ತೂಕದಲ್ಲಿ 5% ಮುರೀತಾರೆ, 19 ಗ್ರಾಂ ಆಯ್ತು, ಮೇಲೆ ನಾವು ಕೊಳ್ಳೋ ರೇಟ್ ಬೇರೆ ಅಂತ ಗ್ರಾಂಗೆ 200 ಕಮ್ಮಿ ಹಾಕ್ತಾರೆ, ಕೈಗೆ ಬರೋದು 1,86,200, ನಿಮ್ಮ ನಷ್ಟ 36,280. ಎರಡನೇ ಅಂಗಡಿಯವರು ತಮ್ಮದೇ ಬಿಲ್ ಇದ್ರೆ ಎಕ್ಸ್‌ಚೇಂಜ್‌ಗೆ ಪೂರ್ತಿ ತೂಕ ಪೂರ್ತಿ ರೇಟ್ ಕೊಡ್ತಾರೆ, ನಷ್ಟ 30,720. ದುಡ್ಡೇ ಬೇಕು ಅಂದ್ರೆ 2% ಕಟ್, ಆಗ ನಷ್ಟ 34,720, ಆದ್ರೂ ಮೊದಲನೇದಕ್ಕಿಂತ ಕಮ್ಮಿನೇ.

ಹಾಗಂತ ಜಾಸ್ತಿ ಮೇಕಿಂಗ್ ಅಂಗಡಿನೇ ಒಳ್ಳೇದು ಅಂತಲ್ಲ. ಮಾಂಗಲ್ಯ ಸರ ಯಾರೂ ಮಾರಕ್ಕೆ ಹೋಗಲ್ಲ, ಅದಕ್ಕೆ ಮೇಕಿಂಗ್ ಎಲ್ಲಿ ಕಮ್ಮಿಯೋ ಅಲ್ಲೇ ತಗೊಳ್ಳಿ. ಫ್ಯಾಷನ್ ಬದಲಾದಂಗೆ ಬದಲಾಯಿಸೋ ನೆಕ್ಲೆಸ್, ಜುಮುಕಿಗಳಿಗೆ ಬೈಬ್ಯಾಕ್ ನೋಡಿ. ಸೇಲ್ ಆಫರ್‌ನಲ್ಲಿ ಮೇಕಿಂಗ್ ಅರ್ಧ ಅಂತಾರಲ್ಲ, ಆಗಂತೂ ಮೊದಲು ಮೂಲ ಪರ್ಸೆಂಟ್ ಎಷ್ಟಿತ್ತು ಕೇಳಿ, 24% ಇದ್ದಿದ್ದು ಅರ್ಧ ಆದ್ರೆ 12%, ಪಕ್ಕದ ಅಂಗಡೀಲಿ ಆಫರ್ ಇಲ್ದೇನೇ ಅಷ್ಟಿರಬಹುದು. ಕೆಲವರು ವೇಸ್ಟೇಜ್ ಬೇರೆ, ಮಜೂರಿ ಬೇರೆ ಅಂತ ಎರಡು ಸಾಲು ಹಾಕ್ತಾರೆ, ಎರಡನ್ನೂ ಕೂಡಿಸಿ ಹೋಲಿಸಿ.

ಕಲ್ಲಿನ ಒಡವೆಯಲ್ಲಿ ಇನ್ನೊಂದು ಹೊಡೆತ ಇದೆ. ಒಟ್ಟು ತೂಕ 32 ಗ್ರಾಂ, ಕಲ್ಲು ಅರಗು ಕಳೆದ್ರೆ 27 ಅಂತಿಟ್ಕೊಳ್ಳಿ. ಚಿನ್ನದ ಬೆಲೆ, ಮೇಕಿಂಗ್ ಎರಡೂ ಆ 27ರ ಮೇಲೇ ಹಾಕಿದ್ದಾರಾ ಅಂತ ನೋಡಬೇಕು, 32ರ ಮೇಲೆ ಹಾಕಿದ್ರೆ ಐದು ಗ್ರಾಂ ಕಲ್ಲಿಗೆ ಚಿನ್ನದ ರೇಟ್ ಕೊಟ್ಟಂಗಾಯ್ತು. ವಾಪಸ್ ಕೊಡುವಾಗ ಅದೇ ಅಂಗಡಿಯವರು ಕಲ್ಲು ಬಿಚ್ಚಿ ತೂಗ್ತಾರೆ, ಬಣ್ಣದ ಕಲ್ಲಿಗೆ ಸಾಮಾನ್ಯವಾಗಿ ಏನೂ ಕೊಡಲ್ಲ.

ಅದಕ್ಕೇ ದುಡ್ಡು ಕಟ್ಟೋ ಮೊದಲು ಬಿಲ್ಲಿನಲ್ಲಿ ನೆಟ್ ತೂಕ, ಕ್ಯಾರೆಟ್ ಮತ್ತು 916, ಹಾಲ್‌ಮಾರ್ಕ್ ಶುಲ್ಕ ಬೇರೆ ಬೇರೆ ಸಾಲಲ್ಲಿ ಇದೆಯಾ ನೋಡಿ, ಎಚ್‌ಯುಐಡಿ ನಂಬರನ್ನೂ ಬರೆಸಿ. ಆಮೇಲೆ ಬಿಲ್ ಹಿಂದೆ ಒಂದೆರಡು ಸಾಲು ಬರೆಸಿ ಸೀಲ್ ಹಾಕಿಸಿ: ವಾಪಸ್ ತಗೊಳ್ಳೋವಾಗ ಯಾವ ರೇಟು, ಅಂದಿನ ಬೋರ್ಡ್ ರೇಟಾ ಅಥವಾ ಕೊಳ್ಳೋ ರೇಟಾ, ತೂಕದಲ್ಲಿ ಎಷ್ಟು ಪರ್ಸೆಂಟ್ ಕಟ್, ಕ್ಯಾಶಿಗೆ ಎಷ್ಟು ಎಕ್ಸ್‌ಚೇಂಜಿಗೆ ಎಷ್ಟು, ಬೇರೆ ಬ್ರಾಂಚಲ್ಲೂ ನಡಿಯತ್ತಾ. "ಅದೆಲ್ಲ ಬರ್ಕೊಡಲ್ಲ ಮೇಡಂ, ನಮ್ಮನ್ನ ನಂಬಿ" ಅಂತಂದ್ರೆ, ಆ ಅಂಗಡಿಯ ಮೇಕಿಂಗ್ ಎಷ್ಟೇ ಕಮ್ಮಿ ಇದ್ರೂ ಬೈಬ್ಯಾಕ್ ಇಲ್ಲ ಅಂತಲೇ ಲೆಕ್ಕ ಹಾಕಿ ಹೋಲಿಸಿ.