ಹತ್ತು ಸೆಕೆಂಡಿನಲ್ಲಿ ಕಾಣೆಯಾಗುವ ಅನಿಲ

ಮೆಟ್ಟಿಲು ಹತ್ತಿದರೆ ಏದುಸಿರು. ಸ್ಪೈರೊಮೆಟ್ರಿ ಯಂತ್ರಕ್ಕೆ ಊದಿದರೆ ಎಲ್ಲವೂ ಸರಿಯಾಗಿದೆ ಎಂದು ಬರುತ್ತದೆ. ಗಾಳಿ ಎಷ್ಟು ಒಳಗೆ ಹೋಗಿ ಹೊರಗೆ ಬರುತ್ತದೆ ಎಂಬುದನ್ನಷ್ಟೇ ಆ ಯಂತ್ರ ಹೇಳಬಲ್ಲದು. ಒಳಗೆ ಹೋದ ಗಾಳಿಯಿಂದ ರಕ್ತಕ್ಕೆ ಏನಾದರೂ ದಾಟಿತೇ ಎಂಬುದು ಅದಕ್ಕೆ ತಿಳಿಯದು. ಅದನ್ನು ಅಳೆಯುವುದಕ್ಕೆಂದೇ ಇನ್ನೊಂದು ಪರೀಕ್ಷೆ ಇದೆ. ವೈದ್ಯರು ಅದನ್ನು ಡಿಎಲ್‌ಸಿಒ ಎನ್ನುತ್ತಾರೆ. ಅದರಲ್ಲಿ ರೋಗಿಗೆ ಒಂದು ಉಸಿರಿನಷ್ಟು ಕಾರ್ಬನ್ ಮೊನಾಕ್ಸೈಡ್ ಕೊಡುತ್ತಾರೆ.

ಹೌದು, ಹೊಗೆ ತುಂಬಿದ ಕೋಣೆಯಲ್ಲಿ ಜನರನ್ನು ಕೊಲ್ಲುವ ಅದೇ ಅನಿಲ. ಇಲ್ಲಿ ಅದರ ಪ್ರಮಾಣ ಶೇ. 0.3 ಮಾತ್ರ, ಅದೂ ಒಂದೇ ಉಸಿರು, ಹಾಗಾಗಿ ಭಯವಿಲ್ಲ. ಆದರೆ ಆಮ್ಲಜನಕವನ್ನೇ ಅಳೆಯದೆ ಈ ವಿಷದ ಸಹವಾಸ ಯಾಕೆ? ರಕ್ತಕಣವೊಂದು ಶ್ವಾಸಕೋಶದ ಲೋಮನಾಳವನ್ನು ದಾಟಲು ಸುಮಾರು ಮುಕ್ಕಾಲು ಸೆಕೆಂಡು ಬೇಕು. ಆರೋಗ್ಯವಂತರಲ್ಲಿ ಆ ಹಾದಿಯ ಮೂರನೇ ಒಂದು ಭಾಗ ಮುಗಿಯುವಷ್ಟರಲ್ಲೇ ರಕ್ತದಲ್ಲಿ ಆಮ್ಲಜನಕ ತುಂಬಿಹೋಗುತ್ತದೆ. ಆಮೇಲೆ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಎಷ್ಟೇ ಚೆನ್ನಾಗಿದ್ದರೂ ಹೆಚ್ಚು ದಾಟದು. ಕಾರ್ಬನ್ ಮೊನಾಕ್ಸೈಡ್ ಹಾಗಲ್ಲ. ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ದಾಟಿದ್ದೆಲ್ಲ ಅಲ್ಲೇ ಸಿಕ್ಕಿಬೀಳುವುದರಿಂದ ರಕ್ತದ ಕಡೆಯಿಂದ ಎದುರೊತ್ತಡವೇ ಹುಟ್ಟುವುದಿಲ್ಲ. ಎಷ್ಟು ದಾಟಿತೋ ಅದು ದಾರಿಯ ಯೋಗ್ಯತೆಯ ಅಳತೆ. ಒಂದೇ ಉಸಿರಿನ ಈ ವಿಧಾನವನ್ನು ಡೆನ್ಮಾರ್ಕಿನ ಮೇರಿ ಕ್ರೋಗ್ 1915ರಲ್ಲೇ ವಿವರಿಸಿದ್ದರು.

ಒಬ್ಬ ಮಹಿಳೆ ಪರೀಕ್ಷೆಗೆ ಕುಳಿತಿದ್ದಾರೆ ಎಂದುಕೊಳ್ಳೋಣ. ಮೂಗಿಗೆ ಕ್ಲಿಪ್, ಬಾಯಲ್ಲಿ ಕೊಳವೆ. ಮೊದಲು ಉಸಿರನ್ನೆಲ್ಲ ಖಾಲಿ ಮಾಡಿ, ನಂತರ ಒಂದೇ ಸಲಕ್ಕೆ 4 ಲೀಟರ್ ಮಿಶ್ರಣ ಎಳೆದುಕೊಂಡು, 10 ಸೆಕೆಂಡು ಹಿಡಿದು, ಬಿಡುತ್ತಾರೆ. ಮೊದಲು ಬರುವ ಗಾಳಿ ಬರೀ ಶ್ವಾಸನಾಳದ್ದು, ಅದನ್ನು ಬಿಟ್ಟು ಆಮೇಲೆ ಬರುವುದನ್ನು ಯಂತ್ರ ಅಳೆಯುತ್ತದೆ. ಮಿಶ್ರಣದಲ್ಲಿ ಶೇ. 10 ಹೀಲಿಯಂ ಕೂಡ ಇತ್ತು. ಅದು ರಕ್ತಕ್ಕೆ ಇಳಿಯುವುದಿಲ್ಲ ಎನ್ನಬಹುದು, ಒಳಗಿನ ಗಾಳಿಯೊಂದಿಗೆ ಬೆರೆತು ತೆಳುವಾಗುತ್ತದೆ ಅಷ್ಟೆ. ಹೊರಬಂದದ್ದು ಶೇ. 8. ಅಂದರೆ 4 ಲೀಟರ್ ಹರಡಿ 5 ಲೀಟರ್ ಆಗಿದೆ. ಅದೇ ಲೆಕ್ಕದಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂಡ ಬರೀ ಬೆರಕೆಯಿಂದಲೇ ಶೇ. 0.24ಕ್ಕೆ ಇಳಿದಿರಬೇಕು. ಸಿಕ್ಕಿದ್ದು ಶೇ. 0.16. ಉಳಿದದ್ದು ರಕ್ತಕ್ಕೆ ಹೋಯಿತು. ಈ ಕೊರತೆಯನ್ನೂ ಒಳಗಿನ ಗಾಳಿಯ ಗಾತ್ರವನ್ನೂ ಸೂತ್ರಕ್ಕೆ ಹಾಕಿದರೆ, ಪ್ರತಿ ಮಿಲಿಮೀಟರ್ ಪಾದರಸದ ಒತ್ತಡಕ್ಕೆ ನಿಮಿಷಕ್ಕೆ ಸುಮಾರು 14 ಮಿಲಿಲೀಟರ್ ಎಂದು ಬರುತ್ತದೆ. ಅವರ ವಯಸ್ಸು, ಎತ್ತರಕ್ಕೆ 22 ಇರಬೇಕಿತ್ತು ಅನ್ನೋಣ. ಶೇ. 64 ಆಯಿತು.

ಶ್ವಾಸಕೋಶ ಹಾಳಾಗಿದೆ ಎಂದು ಬರೆಯಲು ಪೆನ್ನು ಎತ್ತುವ ಮುನ್ನ ಇನ್ನೊಂದು ಸಂಖ್ಯೆ ನೋಡಬೇಕು. ಅವರ ಹಿಮೋಗ್ಲೋಬಿನ್ 8. ಅನಿಲ ಎರಡು ತಡೆಗಳನ್ನು ದಾಟಬೇಕು: ಒಂದು ತೆಳುಗೋಡೆ, ಇನ್ನೊಂದು ರಕ್ತಕಣದೊಳಗೆ ಹಿಮೋಗ್ಲೋಬಿನ್ ಕೈಗೆ ಸಿಗುವುದು. ಹಿಡಿಯುವ ಕೈಗಳೇ ಕಡಿಮೆಯಾದರೆ ಗೋಡೆ ಗಟ್ಟಿಮುಟ್ಟಾಗಿದ್ದೂ ಫಲಿತಾಂಶ ಇಳಿಯುತ್ತದೆ. ರಕ್ತಹೀನತೆಗೆ ತಿದ್ದುಪಡಿ ಮಾಡಿದರೆ ಅವರ 14 ಸುಮಾರು 18 ಆಗುತ್ತದೆ, ಶೇ. 82. ಏದುಸಿರಿಗೆ ಕಾರಣವನ್ನು ಮೊದಲು ರಕ್ತದಲ್ಲಿ ಹುಡುಕಬೇಕು. ಈ ತಿದ್ದುಪಡಿ ಮಾಡದ ವರದಿಯನ್ನು ನಾನಂತೂ ಅರ್ಧ ವರದಿ ಎನ್ನುತ್ತೇನೆ.

ಅವರ ಹಿಮೋಗ್ಲೋಬಿನ್ ಸರಿಯಿದ್ದೂ ಈ ಪರೀಕ್ಷೆಯ ಅಂಕಿ 14 ಬಂದಿದ್ದರೆ ಕತೆ ಬೇರೆ. ಎಂಫಿಸೀಮಾದಲ್ಲಿ ಗಾಳಿಗೂಡುಗಳ ನಡುವಿನ ಗೋಡೆಗಳು ಒಡೆದು ಸಣ್ಣ ಗೂಡುಗಳೆಲ್ಲ ಸೇರಿ ದೊಡ್ಡ ಪೊಳ್ಳುಗಳಾಗುತ್ತವೆ. ಶ್ವಾಸಕೋಶ ಉಬ್ಬಿ ದೊಡ್ಡದಾಗಿರುತ್ತದೆ, ವಿನಿಮಯದ ಮೈ ಮಾತ್ರ ಕುಗ್ಗಿರುತ್ತದೆ. ಫೈಬ್ರೋಸಿಸ್‌ನಲ್ಲಿ ಗೋಡೆ ಕಲೆಗಟ್ಟಿ ದಪ್ಪವಾಗುತ್ತದೆ, ಜೊತೆಗೆ ಲೋಮನಾಳಗಳೂ ನಾಶವಾಗುತ್ತವೆ. ಅಲ್ಲಿ ಶ್ವಾಸಕೋಶವೇ ಚಿಕ್ಕದಾಗುವುದರಿಂದ ಆ 5 ಲೀಟರ್ ಕೂಡ ಇಳಿದಿರುತ್ತದೆ. ಗಾತ್ರ, ಊದುವ ಬಲ ಎಲ್ಲ ಸರಿಯಿದ್ದು ಈ ಒಂದೇ ಅಂಕಿ ಕುಸಿದಿದ್ದರೆ ಶ್ವಾಸಕೋಶದ ರಕ್ತನಾಳಗಳ ಮೇಲೆ ಅನುಮಾನ ಬರುತ್ತದೆ. ಆರಂಭದ ಫೈಬ್ರೋಸಿಸ್, ಎಂಫಿಸೀಮಾ ಕೂಡ ಹೀಗೆ ಕಾಣಿಸಿಕೊಳ್ಳಬಹುದು. ಅಂಕಿ ದಾರಿ ತೋರುತ್ತದೆ, ರೋಗದ ಹೆಸರನ್ನು ಸ್ಕ್ಯಾನ್ ಮತ್ತಿತರ ಪರೀಕ್ಷೆಗಳಿಂದ ಪತ್ತೆ ಮಾಡಬೇಕು.

ಪರೀಕ್ಷೆಯೇ ಕೆಡುವುದೂ ಉಂಟು. ಅರ್ಧಂಬರ್ಧ ಉಸಿರು ಎಳೆದುಕೊಂಡರೆ ಶ್ವಾಸಕೋಶ ಪೂರ್ತಿ ಅರಳದೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಅದಕ್ಕೇ ಎಳೆದ ಗಾಳಿ ವ್ಯಕ್ತಿಯ ಪೂರ್ಣ ಉಸಿರಿನ ಶೇ. 90ರಷ್ಟಾದರೂ ಇದೆಯೇ ಎಂದು ತಂತ್ರಜ್ಞರು ನೋಡುತ್ತಾರೆ. ಎರಡನೇ ಸಲ ಮಾಡಿಸುವ ಮುನ್ನ ಕನಿಷ್ಠ 4 ನಿಮಿಷ ಕಾಯುತ್ತಾರೆ, ಹಿಂದಿನ ಅನಿಲ ಶ್ವಾಸಕೋಶದಿಂದ ಹೊರಹೋಗಲೆಂದು. ಇನ್ನು ಬರುವ ದಾರಿಯಲ್ಲಿ ಸಿಗರೇಟು ಸೇದಿ ಬಂದವರ ರಕ್ತದಲ್ಲಿ ಮೊದಲೇ ಕಾರ್ಬನ್ ಮೊನಾಕ್ಸೈಡ್ ಕುಳಿತಿರುತ್ತದೆ. ಅದು ಹಿಮೋಗ್ಲೋಬಿನ್‌ನ ಜಾಗವನ್ನೂ ಹಿಡಿದಿರುತ್ತದೆ, ಇಲ್ಲವೆಂದುಕೊಂಡಿದ್ದ ಎದುರೊತ್ತಡವನ್ನೂ ತರುತ್ತದೆ. ಕ್ಲಿಪ್ ಹಾಕುವ ಮುಂಚೆ ‘ಕೊನೆಯ ಸಿಗರೇಟು ಯಾವಾಗ?’ ಎಂದು ಕೇಳುವುದು ಉಪದೇಶಕ್ಕಲ್ಲ, ಲೆಕ್ಕಕ್ಕೆ.